ಒಂದು, ಎರಡು, ಆಮೇಲೆ ಏಳು

ದೇವದುರ್ಗ, ೩ ಜನವರಿ ೧೯೮೫

ನನ್ನ ಏಳು ಮಕ್ಕಳಲ್ಲಿ ಮೂವರನ್ನು ಬಾವಿಗೆ ದೂಡಿ ಎಂದು ಮಾಲಕರು ಇವತ್ತು ಚಹಾ ಕುಡಿಯುತ್ತ ಹೇಳಿದರು. ಮಕ್ಕಳೆಂದರೆ ನಾಟಕಗಳು. ನನಗೆ ಬೇರೆ ಮಕ್ಕಳಿಲ್ಲ, ಹೆಂಡತಿ ತೀರಿಕೊಂಡು ಬಹಳ ಕಾಲವಾಯಿತು. ಹೀಗಾಗಿ ನನ್ನ ಮಟ್ಟಿಗೆ ಇದು ಕೊಲೆ.

ವಿಷಯ ಇಷ್ಟು. ನಮ್ಮ ನಾಟಕ ಕಂಪನಿಯ ದೇವದುರ್ಗ ಕ್ಯಾಂಪು ಮುಗಿಯುತ್ತ ಬಂತು, ಮುಂದಿನದು ರಾಯಚೂರು. ಅಲ್ಲಿ ಮೈದಾನ ಸಿಕ್ಕಿರುವುದು ಶಿವರಾತ್ರಿಯವರೆಗೆ ಮಾತ್ರ. ಒಂದು ನಾಟಕದ ಸುದ್ದಿ ಬಾಯಿಂದ ಬಾಯಿಗೆ ಹರಡಿ ಥೇಟರ್ ತುಂಬಬೇಕೆಂದರೆ ವಾರ ಹತ್ತು ದಿನವಾದರೂ ಅದನ್ನೇ ಆಡಬೇಕು. ಅಂದರೆ ರಾಯಚೂರಿನಲ್ಲಿ ಹಿಡಿಸುವುದು ನಾಲ್ಕು. ನನ್ನ ‘ಟ್ರಂಕು’ ಮಾಲೆಯಲ್ಲಿ ಇರುವುದು ಏಳು. ಸಾಬಣ್ಣ ಮಾಲಕರು, ಯಾವ ನಾಲ್ಕು ಆಡೋಣ, ಯಾವ ಮೂರು ಬಿಡೋಣ, ಕವಿಗಳು ನೀವೇ ಆರಿಸಿರಿ ಎಂದರು. ಕಂಪನಿಯಲ್ಲಿ ನಾಟಕ ಬರೆಯುವವನನ್ನು ಕವಿಗಳು ಎಂದೇ ಕರೆಯುತ್ತಾರೆ; ಪಗಾರದಲ್ಲಿ ಮಾತ್ರ ಆ ಬಹುವಚನ ಕಾಣುವುದಿಲ್ಲ.

ಮಾನ್ವಿಯಲ್ಲಿ ‘ಸೊಸಿ ತಂದ ಟ್ರಂಕು’ ಮೊದಲು ಆಡಿದಾಗ ಜನ ಭತ್ತದ ಕೊಯ್ಲು ಬಿಟ್ಟು ಬಂದಿದ್ದರು. ಗೌಡರ ಮನೆಗೆ ಸೊಸೆಯಾಗಿ ಬರುವ ಗಂಗಾ ಬೀಗ ಹಾಕಿದ ಟ್ರಂಕು ತರುತ್ತಾಳೆ, ಯಾರು ಕೇಳಿದರೂ ತೆರೆಯುವುದಿಲ್ಲ. ಅತ್ತೆ ನೀಲಮ್ಮ ಅದಕ್ಕಾಗಿ ಅವಳನ್ನು ಗೋಳು ಹುಯ್ದುಕೊಳ್ಳುತ್ತಾಳೆ. ಟ್ರಂಕು ತೆರೆಯದೆಯೇ ಪರದೆ ಬೀಳುತ್ತದೆ. ಒಳಗೇನಿದೆ ಎಂದು ತಾಲೂಕಿಗೆ ತಾಲೂಕೇ ಕೇಳಿದ್ದರಿಂದ ಎರಡನೆಯದು, ‘ಟ್ರಂಕಿನ ಕೀಲಿ’, ಬರೆದೆ. ಒಳಗಿರುವುದು ನೀಲಮ್ಮನದೇ ಮದುವೆ ಸೀರೆ. ಹಿಂದೊಮ್ಮೆ ಹಸಿದು ಬಂದ ತಮ್ಮನಿಗೆ ಅವಳೇ ಕದ್ದು ಕೊಟ್ಟು ಕಳಿಸಿದ್ದ ಟ್ರಂಕು ಅದು, ಗಂಗಾ ಆ ತಮ್ಮನ ಮಗಳು. ಅತ್ತೆ ನಿನ್ನನ್ನು ಬಾಯ್ತುಂಬ ‘ಮಗಳೇ’ ಎಂದ ದಿನ ಮಾತ್ರ ತೆರೆ ಎಂದು ಅಪ್ಪ ಆಣೆ ಹಾಕಿಸಿರುತ್ತಾನೆ. ಕಥೆ ಇಲ್ಲಿಗೇ ಮುಗಿಯಬೇಕಿತ್ತು ಎನ್ನುವವರಿದ್ದಾರೆ. ಅವರಿಗೆ ಸಾಹಿತ್ಯ ಗೊತ್ತಿಲ್ಲ.

ಮೂರನೆಯದು ‘ಕೀಲಿ ನುಂಗಿದ ಕಾಕಾ’. ನಮ್ಮ ಹಾಸ್ಯನಟ ಅಮೀರ್ ಸಾಬ್ ಆಡುವ ಕಾಕಾನಿಗೆ, ಅಂದರೆ ನೀಲಮ್ಮನ ಮೈದುನನಿಗೆ, ಜನ ಬಿದ್ದು ಬಿದ್ದು ನಕ್ಕಿದ್ದರಿಂದ ಬರೆದದ್ದು; ಕೊನೆಗೆ ಕಾಕಾ ಕೀಲಿ ನುಂಗಿ ಸಾಯುತ್ತಾನೆ. ನಾಲ್ಕನೆಯದು ‘ಅತ್ತಿ ಸೊಸಿಯಾಗಿದ್ದಾಗ’. ಅದು ಮುಂದಕ್ಕೆ ಹೋಗುವುದಿಲ್ಲ, ಹಿಂದಕ್ಕೆ ಹೋಗುತ್ತದೆ: ನೀಲಮ್ಮ ಹರೆಯದಲ್ಲಿ ಆ ಮನೆಯಲ್ಲಿ ಪಟ್ಟ ಪಾಡು, ತಮ್ಮನಿಗೆ ಟ್ರಂಕು ಕೊಟ್ಟು ತಾನು ಪೆಟ್ಟು ತಿಂದದ್ದು. ಐದನೆಯದು ‘ಟ್ರಂಕು ಹೋತು ಬೊಂಬಾಯಿಗೆ’. ಮುಚ್ಚಿಹೋದ ಒಂದು ಕಂಪನಿಯ ಹರಾಜಿನಲ್ಲಿ ಸಮುದ್ರದ ಪರದೆ ಅಗ್ಗಕ್ಕೆ ಸಿಕ್ಕಿತೆಂದು ಮಾಲಕರು ಬರೆಸಿದ್ದು. ಆರನೆಯದರಲ್ಲಿ ಜನರ ಒತ್ತಾಯಕ್ಕೆ ಕಾಕಾ ಬದುಕಿ ಬರುತ್ತಾನೆ. ಕೀಲಿ ಹೊರಗೆ ಬಂದಿರುತ್ತದೆ. ಹೇಗೆಂದು ನಾಟಕದಲ್ಲಿ ಹೇಳಿದ್ದೇನೆ, ಇಲ್ಲಿ ಬೇಡ. ಏಳನೆಯದು ಸಮಾಪ್ತಿ, ‘ಸೊಸಿ ಅತ್ತಿಯಾದಾಗ’. ಗಂಗಾ ತಾನೇ ಅತ್ತೆಯಾಗಿ ತನ್ನ ಸೊಸೆಯನ್ನು ಕಾಡತೊಡಗುತ್ತಾಳೆ, ಸಾವಿನ ಹಾಸಿಗೆಯಲ್ಲಿರುವ ನೀಲಮ್ಮ ತಡೆಯುತ್ತಾಳೆ.

ಇದರಲ್ಲಿ ಒಂದು ಕಡ್ಡಿ ತೆಗೆದರೂ ಗೋಪುರ ಬಿದ್ದೀತು. ಮಾಲಕರಿಗೆ ಹಾಗೇ ಹೇಳಿದೆ. ಅವರು ಬಿಸ್ಕಿಟು ಚಹಾದಲ್ಲಿ ಅದ್ದಿದರು.

ದೇವದುರ್ಗ, ೫ ಜನವರಿ

ಸಭೆ ಸೇರಿತು. ಯಾವ ಕ್ರಮದಲ್ಲಿ ಆಡಬೇಕೆಂಬ ಬಗ್ಗೆ ಪ್ರತಿಯೊಬ್ಬರಿಗೂ ಒಂದು ತತ್ವ ಇತ್ತು, ಪ್ರತಿಯೊಬ್ಬರ ತತ್ವದಲ್ಲೂ ಅವರವರ ಪಾತ್ರವೇ ದೊಡ್ಡದಾಗಿತ್ತು.

ಮಾಲಕರು ಒಂದು, ಎರಡು, ಮೂರು, ಆಮೇಲೆ ನೇರ ಏಳು ಎಂದರು. ಅಮೀರ್ ಸಾಬ್ ಮೂರು ಮತ್ತು ಆರು ಮೊದಲಾಗಲಿ, ಉಳಿದವು ಹೇಗೂ ಕಾಕಾನ ಕಥೆಗೆ ಪೀಠಿಕೆ ಎಂದ. ಕೊನೆಗೆ ನೀಲಮ್ಮನ ಪಾತ್ರದ ಬಸವಂತಮ್ಮ ಎಂಬ ಹೆಂಗಸು ಬಾಯಿ ಹಾಕಿ, ನಾಲ್ಕನೆಯದನ್ನು ಬಿಡಬಾರದು, ಬೇಕಾದರೆ ಅದನ್ನೇ ಎಲ್ಲಕ್ಕಿಂತ ಮೊದಲು ಆಡಬೇಕು ಎಂದಳು. ಕಥೆಯಲ್ಲಿ ಮೊದಲು ನಡೆದದ್ದು ಅದೇ ಅಲ್ಲವೇ ಎಂಬುದು ಆಕೆಯ ವಾದ.

ಇದಕ್ಕೆ ನಾನು ಸವಿಸ್ತಾರವಾಗಿ ಉತ್ತರಿಸಿದೆ. ನಡೆದ ಕ್ರಮ ಬೇರೆ, ಹೇಳುವ ಕ್ರಮ ಬೇರೆ. ನಾಲ್ಕನೆಯದನ್ನು ಮೊದಲೇ ಆಡಿದರೆ ಟ್ರಂಕು ಯಾರದೆಂದು ಪ್ರೇಕ್ಷಕನಿಗೆ ಮೊದಲೇ ತಿಳಿದುಹೋಗುತ್ತದೆ, ಒಂದನೆಯದರಲ್ಲಿ ಅವನು ಏನನ್ನು ಕಾಯಬೇಕು, ಎರಡನೆಯದರಲ್ಲಿ ಯಾಕೆ ಬೆಚ್ಚಬೇಕು? ಹಿಂದಿನ ಕಥೆ ಹೇಳುವ ನಾಟಕವನ್ನೂ ನಾನು ಬರೆದದ್ದು ಮುಂದಿನದನ್ನು ನೋಡಿದವರಿಗಾಗಿ. ಬರೆದ ಕ್ರಮವೇ ಆಡುವ ಕ್ರಮ.

ಹಾಗಿದ್ದರೆ ದೇವದುರ್ಗದಲ್ಲಿ ಐದನೆಯದರಿಂದ ಯಾಕೆ ಶುರು ಮಾಡಿದಿರಿ ಎಂದು ಆ ಹೆಂಗಸು ಕೇಳಿದಳು. ಸಮುದ್ರದ ಪರದೆಯನ್ನು ಊರಿಗೆ ಬೇಗ ತೋರಿಸಬೇಕೆಂದು ಮಾಲಕರು ಹಟ ಹಿಡಿದಿದ್ದರು. ಪರದೆ ಎದ್ದ ಮೇಲೆ ಮುಂದೆ ಕೂತ ಮುದುಕನೊಬ್ಬ, ಈ ಟ್ರಂಕು ಯಾರದು, ಇವರೆಲ್ಲ ಯಾರು, ಯಾಕೆ ಅಳುತ್ತಿದ್ದಾರೆ ಎಂದು ಮೂರನೇ ಅಂಕದವರೆಗೂ ಪಕ್ಕದವರನ್ನು ಕೇಳುತ್ತಲೇ ಇದ್ದ. ಆಮೇಲೆ ಒಂದು, ಎರಡು ಆಡಿದೆವು, ನಾಲ್ಕು ಬಿಟ್ಟೆವು. ಇಲ್ಲಿನ ಸಂತೆಯಲ್ಲಿ ಬಸವಂತಮ್ಮನ ಸೆರಗು ಹಿಡಿದು ಒಬ್ಬಾಕೆ, ನಿನ್ನ ಸೊಸೆ ನಿನಗೂ ಹೀಗೇ ಮಾಡಲಿ ಎಂದು ಶಾಪ ಹಾಕಿದಳಂತೆ. ಮಾನ್ವಿಯಲ್ಲಿ ನಾಲ್ಕನೆಯದು ಆಡಿದ ಮಾರನೆಯ ದಿನ ಅಂಥವರೇ ಆಕೆಗೆ ಉಡಿ ತುಂಬಿದ್ದರು. ಇದು ನಟನೆಗೆ ಸಿಕ್ಕ ಮರ್ಯಾದೆ ಎಂದು ತಿಳಿಯಬೇಕು. ಕೆಲವರು ತಿಳಿಯುವುದಿಲ್ಲ.

ನನ್ನ ಮಾತುಗಳನ್ನು ಆಕೆ ವೇದಿಕೆಯ ಮೇಲೆ ತಿದ್ದಿ ಹೇಳುತ್ತಾಳೆ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ರಾಯಚೂರು, ೧೦ ಜನವರಿ

ಥೇಟರ್ ಎಬ್ಬಿಸುವ ಕೆಲಸ. ತಗಡು, ಬೊಂಬು, ಧೂಳು. ಸ್ಟೇಷನ್ ಕಡೆ ಈಗ ವೀಡಿಯೊ ತೋರಿಸುವ ಮನೆಗಳು ಎದ್ದಿವೆ, ಅಲ್ಲಿ ಹಿಂದಿ ಚಿತ್ರಗಳ ಎರಡನೇ ಕ್ಯಾಸೆಟ್ಟನ್ನು ಮೊದಲನೆಯದಕ್ಕಿಂತ ಮುಂಚೆ ತೋರಿಸಿದರೂ ಜನ ತಕರಾರಿಲ್ಲದೆ ನೋಡುತ್ತಾರಂತೆ. ನಾಗರಿಕತೆ ಎತ್ತ ಸಾಗಿದೆ ಎಂದು ಯಾರನ್ನು ಕೇಳುವುದು.

ಮಧ್ಯಾಹ್ನ ಬಸವಂತಮ್ಮ ಬಂದು, ಒಂದು ಮಾತಿದೆ ಎಂದಳು. ಆಕೆಗೆ ಒಬ್ಬಳೇ ಮಗಳು, ಯಮನಮ್ಮ. ಮಾನ್ವಿಯಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಹೊಲಿಗೆ ಮಾಡುತ್ತಾಳೆ. ಮಗಳಿಗೆ ಈ ಊರಿನಲ್ಲೊಂದು ಸಂಬಂಧ ಕುದುರುವಂತಿದೆ. ಹುಡುಗ ಉರುಕುಂದಪ್ಪ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್. ಹುಡುಗನಿಗೆ ಒಪ್ಪಿಗೆ, ಹುಡುಗಿಗೆ ಒಪ್ಪಿಗೆ. ಉಳಿದದ್ದು ಹುಡುಗನ ತಾಯಿ ದುರುಗಮ್ಮ. ಆಕೆ ಹಿಟ್ಟಿನ ಗಿರಣಿ ನಡೆಸುವವಳು, ನಾಟಕದ ಹುಚ್ಚಿನವಳು. ಬೀಗತಿಯಾಗುವವಳು ಹೇಗಿದ್ದಾಳೆ ಎಂದು ನಾಟಕ ನೋಡಿಯೇ ತೀರ್ಮಾನಿಸುತ್ತಾಳಂತೆ.

“ಕವಿಗಳ, ಬರೀ ಒಂದ್ನೇದು ನೋಡಿದ್ರ ನಾ ರಾಕ್ಷಸಿ ಇದ್ದಂಗ ಕಾಣ್ತೀನಿ” ಎಂದಳು ಬಸವಂತಮ್ಮ. “ನಾಕನೇದು ನೋಡಿದ್ರ ಮನಷ್ಯಾಳು. ನನ್ನ ಮಗಳ ಸಲುವಾಗಿ ಕೇಳಾಕತ್ತೀನಿ. ಮೊದ್ಲು ಅದನ್ನ ಆಡಸ್ರಿ.”

ಖಾಸಗಿ ಕಾರಣಕ್ಕಾಗಿ ಕಲೆಯ ಕ್ರಮ ಬದಲಿಸಲಾಗದು ಎಂದು ಹೇಳಿದೆ. ಮೃದುವಾಗಿಯೇ ಹೇಳಿದೆ. ಆಕೆ ತಲೆಯಾಡಿಸಿ ಹೋದಳು. ಆಮೇಲೆ ನನಗೆ ಊಟ ಸೇರಲಿಲ್ಲ, ಅನ್ನ ಹಳಸಿತ್ತೆಂದು ಕಾಣುತ್ತದೆ.

೧೫ ಜನವರಿ

ನಿನ್ನೆ ಸಂಕ್ರಾಂತಿಗೆ ಒಂದನೇ ಭಾಗದಿಂದ ಆರಂಭ. ಥೇಟರ್ ಭರ್ತಿ. ನೀಲಮ್ಮ ಸೊಸೆಯ ತಾಟಿನಿಂದ ರೊಟ್ಟಿ ಕಸಿದುಕೊಂಡಾಗ ಚಾಪೆಯ ಮೇಲಿನ ಹೆಂಗಸರು ಎದ್ದು ನಿಂತು ಬೈದರು. ಒಂದು ಚಪ್ಪಲಿ ಬಂತು. ಲೇಖಕನಿಗೆ ಇದಕ್ಕಿಂತ ದೊಡ್ಡ ಬಹುಮಾನ ಇಲ್ಲ.

ಚಪ್ಪಲಿ ಬಸವಂತಮ್ಮನ ಭುಜಕ್ಕೆ ತಾಗಿತು. ಅರಿಸಿನ ಹಚ್ಚಿಕೊಂಡಿದ್ದಾಳೆ. ದುರುಗಮ್ಮ ಎರಡನೇ ಸಾಲಿನ ಖುರ್ಚಿಯಲ್ಲಿದ್ದಳಂತೆ.

೧೮ ಜನವರಿ

ಬಜಾರಿನಲ್ಲಿ ಬಸವಂತಮ್ಮನಿಗೆ ಬದನೆಕಾಯಿ ಕೊಡಲು ನಿರಾಕರಿಸಿದರು. ನಾನೇ ಹೋಗಿ ತಂದುಕೊಟ್ಟೆ. ಒಂದಿಷ್ಟು ಹೆಚ್ಚೇ ತಂದೆ, ಯಾಕೆಂದರೆ ಚೌಕಾಸಿ ಮಾಡಲು ನನಗೆ ಬರುವುದಿಲ್ಲ.

ದುರುಗಮ್ಮನ ಕಡೆಯಿಂದ ಮಾತು ಬಂದಿದೆ: ಯೋಚನೆ ಮಾಡಬೇಕು. ಈ ಊರಿನಲ್ಲಿ ಯೋಚನೆ ಮಾಡಬೇಕು ಎಂದರೆ ಬೇಡ ಎಂದರ್ಥ.  ಬಸವಂತಮ್ಮ ಸಂಜೆ ಪಾತ್ರಕ್ಕೆ ಹೋಗಿ ರೊಟ್ಟಿ ಕಸಿದುಕೊಂಡಳು, ಎಂದಿನಷ್ಟೇ ಚೆನ್ನಾಗಿ. ಸೈಡ್ ವಿಂಗಿನಲ್ಲಿ ಪ್ರಾಂಪ್ಟ್ ಮಾಡುತ್ತ ನಿಂತ ನನಗೆ ಎರಡು ಸಲ ಸಾಲು ತಪ್ಪಿತು.

೨೦ ಜನವರಿ

ಕಂಪನಿಯ ಗೌರವ ಕಾಪಾಡುವ ಉದ್ದೇಶದಿಂದ ದುರುಗಮ್ಮನ ಗಿರಣಿಗೆ ಹೋಗಿದ್ದೆ. ಯಾರೂ ಕಳಿಸಿರಲಿಲ್ಲ. ಬೆಲ್ಟಿನ ಸದ್ದಿನಲ್ಲಿ ಕೂಗಿ ಕೂಗಿ ಮಾತಾಡಬೇಕು, ಮೈಯೆಲ್ಲ ಜೋಳದ ಹಿಟ್ಟು. ಪಾತ್ರ ಬೇರೆ, ಪಾತ್ರಧಾರಿ ಬೇರೆ ಎಂಬುದನ್ನು ಆಕೆಗೆ ಬಿಡಿಸಿ ಹೇಳಿದೆ.

“ನಾಟಕ ಅಂತ ನನಗೂ ಗೊತ್ತದರಿ” ಎಂದಳು ದುರುಗಮ್ಮ. “ಆದ್ರ ಅಷ್ಟು ಖರೇ ಮಾಡಬೇಕಂದ್ರ ಒಳಗ ಒಂದೀಟರೆ ಇರಬೇಕಲ್ಲ?”

ಹಿಟ್ಟು ಗಂಟಲಿಗೆ ಹೋಗಿ ಕೆಮ್ಮಿದೆ. ಆಮೇಲೆ ನಾಲ್ಕನೇ ಭಾಗದ ವಿಷಯ ತೆಗೆದೆ. ಅದೇ ಬಸವಂತಮ್ಮ ಅದರಲ್ಲಿ ಸೊಸೆಯಾಗಿ ಏನೆಲ್ಲ ಪಡುತ್ತಾಳೆ, ತನ್ನ ಮದುವೆ ಸೀರೆಯನ್ನೇ ತಮ್ಮನಿಗೆ ಹೇಗೆ ಕೊಟ್ಟುಬಿಡುತ್ತಾಳೆ ಎಂದು ಹೇಳುತ್ತ ಹೋದೆ. ಅರ್ಧಕ್ಕೆ ಬಂದಾಗ ನನ್ನ ತಲೆಗೆ ಬಂತು: ಟ್ರಂಕಿನ ಗುಟ್ಟನ್ನು ಎರಡನೇ ಭಾಗ ನೋಡದವರ ಮುಂದೆ ನಾನೇ ಒಡೆದಿದ್ದೆ. ಏಳು ವರ್ಷ ನಾಟಕದ ಹೊರಗೆ ಯಾರಿಗೂ ಬಿಡದ ಗುಟ್ಟು.

ದುರುಗಮ್ಮ ಬೆಲ್ಟು ನಿಲ್ಲಿಸಿದಳು. ಅದು ಮೊದಲೇ ನಡೆದದ್ದಾದರೆ ಮೊದಲೇ ಯಾಕೆ ತೋರಿಸಲಿಲ್ಲ ಎಂದು ಕೇಳಿದಳು. ನಡೆದ ಕ್ರಮ, ಹೇಳುವ ಕ್ರಮ ಎಂದು ವಿವರಿಸಲು ಹೋದೆ. ಜೋಳ ಬೀಸಿಸಿಕೊಳ್ಳಲು ಜನ ಕಾಯುತ್ತಿದ್ದರು. ಅದನ್ನು ಆಡಿದ ದಿನ ಬಂದು ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದಳು. ಆಡಿಯೇ ಆಡುತ್ತೇವೆ ಎಂದು ಮಾತು ಕೊಟ್ಟು ಬಂದೆ. ಯಾರ ಅಪ್ಪಣೆಯಿಂದ ಕೊಟ್ಟೆನೋ ಗೊತ್ತಿಲ್ಲ.

೨೧ ಜನವರಿ

ಬೆಳಿಗ್ಗೆಯಿಂದ ಕೂತು ಕ್ರಮ ಹಾಕಿದೆ. ಶುದ್ಧ ಸಾಹಿತ್ಯಿಕ ದೃಷ್ಟಿಯಿಂದ.

ನಾಲ್ಕನೆಯದನ್ನು ಈಗ, ಒಂದರ ಬೆನ್ನಿಗೆ ಆಡಿದರೆ ಎರಡರ ಗುಟ್ಟು ಹೋಗುತ್ತದೆ. ಎರಡನೆಯದಾದ ಮೇಲೆ ಆಡಿದರೆ ಗುಟ್ಟು ಒಡೆದಾಗಿರುತ್ತದೆ, ಆಗ ಹಿಂದಿನ ಕಥೆ ಗುಟ್ಟಲ್ಲ, ಅದರ ನೋವು. ‘ಇವಳು ಹೀಗ್ಯಾಕೆ ಆದಳು’ ಎಂದು ಜನ ಕೇಳುವ ಹೊತ್ತಿಗೆ ಸರಿಯಾಗಿ ಉತ್ತರ ಸಿಗುತ್ತದೆ. ಅಂದರೆ ಒಂದು, ಎರಡು, ನಾಲ್ಕು, ಏಳು.

ಮೂರು ಬಿಟ್ಟರೆ? ಅಲ್ಲಿ ಕಾಕಾ ಸಾಯುತ್ತಾನೆ. ಆರರಲ್ಲಿ ಬದುಕುತ್ತಾನೆ. ಏಳರಲ್ಲಿ ಬದುಕಿರುತ್ತಾನೆ. ಮೂರನ್ನು ಮಾತ್ರ ಆಡಿ ಆರನ್ನು ಬಿಟ್ಟರೆ ಸತ್ತವನು ಏಳರಲ್ಲಿ ಚುಟ್ಟಾ ಸೇದುತ್ತ ಬರುತ್ತಾನೆ, ಜನ ಕಲ್ಲು ಹೊಡೆಯುತ್ತಾರೆ. ಎರಡನ್ನೂ ಬಿಟ್ಟರೆ ಅವನು ಸಾಯಲೇ ಇಲ್ಲ. ಸಾವಿಗೂ ಪುನರ್ಜನ್ಮಕ್ಕೂ ವಜಾ. ನಾನು ಎರಡು ವರ್ಷ ಕಷ್ಟಪಟ್ಟು ಬರೆದ ಎರಡು ನಾಟಕ ಒಂದನ್ನೊಂದು ನುಂಗಿಕೊಂಡು ಕಥೆ ಇದ್ದಲ್ಲೇ ನಿಂತಿತು. ಇದನ್ನು ಕಂಡು ಒಂದು ತಂಬಿಗೆ ನೀರು ಕುಡಿದೆ.

ಮೂರರಲ್ಲಿ ಒಂದೇ ಒಂದು ಕೊಂಡಿ ಇದೆ: ನೀಲಮ್ಮ ಮನೆಯನ್ನು ಗಂಗಾಳ ಹೆಸರಿಗೆ ಹೆಬ್ಬೆಟ್ಟು ಒತ್ತಿ ಬರೆದುಕೊಡುವುದು. ಏಳರಲ್ಲಿ ಗಂಗಾ ದರ್ಪ ಮಾಡುವುದು ಆ ಮನೆ ತನ್ನದೆಂದೇ. ಅದನ್ನು ಏಳರ ಆರಂಭದಲ್ಲಿ ಕಾಕಾನ ಬಾಯಿಂದ ಒಂದು ಸಾಲು ಹೇಳಿಸಿದರೆ ಸಾಕು. ಐದರಲ್ಲಿ ಕೊಂಡಿ ಹುಡುಕಿದೆ. ಸಮುದ್ರ ಬಿಟ್ಟರೆ ಏನೂ ಸಿಗಲಿಲ್ಲ.

ಇದನ್ನೆಲ್ಲ ಬಿಟ್ಟದ್ದೆಂದು ಹೇಳಲಾಗದು. ಸಂಕ್ಷೇಪ.

೨೪ ಜನವರಿ

ಮಾಲಕರು ಒಪ್ಪಿದರು, ಅಮೀರ್ ಸಾಬ್ ಒಪ್ಪಲಿಲ್ಲ. ಮೂರೂ ಇಲ್ಲ, ಆರೂ ಇಲ್ಲ ಎಂದರೆ ತಾನು ಮದರಾಸಿಗೆ ಹೋಗಿ ಸಿನಿಮಾ ಸೇರುತ್ತೇನೆ ಎಂದ. ನಾಲ್ಕರಲ್ಲಿ ಕಾಕಾನಿಗೊಂದು ಸೀನು ಬರೆದುಕೊಟ್ಟರೆ ಉಳಿಯುತ್ತಾನಂತೆ. ನಾಲ್ಕರ ಕಾಲಕ್ಕೆ ಕಾಕಾ ಇನ್ನೂ ಕೂಸು ಎಂದೆ. ಕೂಸೇ ಆಗಲಿ ಎಂದ. ನೀಲಮ್ಮನ ಮೈದುನ ತೊಟ್ಟಿಲಲ್ಲಿ ಇರುವ ಸೀನು ಮಧ್ಯಾಹ್ನದೊಳಗೆ ಬರೆದೆ. ಐವತ್ತರ ಅಮೀರ್ ಸಾಬ್ ಕುಲಾಯಿ ತೊಟ್ಟು ತೊಟ್ಟಿಲಲ್ಲಿ ಮಲಗಿ ಮಾವನ ಮೀಸೆ ಹಿಡಿದು ಎಳೆಯುತ್ತಾನೆ. ಕ್ಷಮಿಸುವಂಥದ್ದಲ್ಲ, ಆದರೆ ಚೆನ್ನಾಗಿ ಬಂದಿದೆ.

ಬಸವಂತಮ್ಮನಿಗೆ ಕ್ರಮ ಬದಲಾದ ಸುದ್ದಿ ಹೇಳಿದೆ. ತತ್ವದ ಕಾರಣಗಳನ್ನು ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡಳು. ಎಣ್ಣೆಗಾಯಿ ಕೊಟ್ಟು ಕಳಿಸಿದಳು.

೩೦ ಜನವರಿ

‘ಟ್ರಂಕಿನ ಕೀಲಿ’ ನಡೆಯುತ್ತಿದೆ. ನಿನ್ನೆ ಒಂದು ಅನಾಹುತ. ನೀಲಮ್ಮ ಟ್ರಂಕಿಗೆ ಕೈ ಹಾಕುವ ಹೊತ್ತಿಗೆ, ಹಿಂದೆ ಮಾನ್ವಿಯಲ್ಲಿ ನೋಡಿದ ಯಾರೋ ಪುಣ್ಯಾತ್ಮ ಚಾಪೆಯಿಂದ ಎದ್ದು, “ಆಕಿ ನಿನ್ನ ತಮ್ಮನ ಮಗಳು ಬೇ” ಎಂದು ಕೂಗಿಬಿಟ್ಟ. ನಾನು ವಿಂಗಿನಲ್ಲಿ ಕಣ್ಣು ಮುಚ್ಚಿಕೊಂಡೆ. ಎಲ್ಲ ಮುಗಿಯಿತು.

ಮುಗಿಯಲಿಲ್ಲ. ಬಸವಂತಮ್ಮ ಸೀರೆ ಎತ್ತಿ ಎದೆಗೊತ್ತಿಕೊಂಡಾಗ ಕೂಗಿದವನೇ ಎಲ್ಲರಿಗಿಂತ ಮೊದಲು ಅತ್ತನಂತೆ. ಗೊತ್ತಿದ್ದೂ ಅತ್ತರು. ಇದು ನನ್ನ ಸಿದ್ಧಾಂತಕ್ಕೆ ಹೊಂದುವುದಿಲ್ಲ. ಪ್ರೇಕ್ಷಕರ ಅಶಿಸ್ತು ಎಂದು ಸದ್ಯಕ್ಕೆ ತಿಳಿಯುತ್ತೇನೆ.

ಆಕೆಯ ಭುಜದ ಪೆಟ್ಟು ಈಗ ವಾಸಿಯಾಗಿದೆ.

೭ ಫೆಬ್ರವರಿ

ಮೈದಾನದವರು ಮಾತು ತಪ್ಪಿದರು. ಶಿವರಾತ್ರಿಯ ದಿನವೇ ಅಲ್ಲಿ ಬೇರೆ ಸಭೆ, ಅದಕ್ಕೆ ಮೊದಲೇ ತಗಡು ಬಿಚ್ಚಬೇಕಂತೆ. ಇನ್ನೊಂದೇ ನಾಟಕಕ್ಕೆ ಜಾಗ. ಮಾಲಕರು ಕ್ಷಣವೂ ಯೋಚಿಸಲಿಲ್ಲ. ‘ಸಮಾಪ್ತಿ’ ಎಂದು ಆಟೋದಲ್ಲಿ ಮೈಕು ಕಟ್ಟಿ ಕೂಗಿಸಿದರೆ ಜನ ಬರುತ್ತಾರೆ, ‘ಹಿಂದಿನ ಕಥೆ’ ಎಂದರೆ ಯಾರು ಬರುತ್ತಾರೆ ಎಂದರು. ಮುಂದಿನದು ಏಳು. ನಾಲ್ಕು ಬಿದ್ದುಹೋಯಿತು.

ದುರುಗಮ್ಮನಿಗೆ ಕೊಟ್ಟ ಮಾತು ಹೇಳಿದೆ. ಗಿರಣಿಯವಳನ್ನು ಕೇಳಿ ಕಂಪನಿ ನಡೆಸಬೇಕೇನು ಎಂದರು. ನಾನು ಸಿಟ್ಟಿಗೆದ್ದು ರಾಜೀನಾಮೆ ಎಂದೆ. ಏಳರಲ್ಲಿ ಸೇರಿಸಬೇಕಾದ ಕಾಕಾನ ಸಾಲು ಬರೆದುಕೊಟ್ಟು ಹೋಗಿರಿ ಎಂದರು.

ಬಸವಂತಮ್ಮನ ಮುಖ ನೋಡುವುದು ಕಷ್ಟವಾಯಿತು. ನಾನು ಬಾಯಿ ತೆರೆಯುವ ಮೊದಲೇ ಆಕೆಯೇ, ಇರಲಿ ಬಿಡ್ರಿ, ಆಕಿ ಹಣೇಬರದಾಗ ಇದ್ದಂಗ ಆಗ್ತದ ಎಂದಳು. ಅಂಥ ಸಾಲನ್ನು ಅಷ್ಟು ಕೆಟ್ಟದಾಗಿ ಆಕೆ ಎಂದೂ ಹೇಳಿದ್ದಿಲ್ಲ. ನನಗೆ ತುಂಬ ದುಃಖವಾಯಿತು. ಇದನ್ನು ಬರೆಯುವುದರಲ್ಲಿ ತಪ್ಪೇನಿಲ್ಲ.

೮ ಫೆಬ್ರವರಿ

ಏಳನೇ ಭಾಗವನ್ನು ಮತ್ತೆ ಓದಿದೆ. ಸಾಯುವ ನೀಲಮ್ಮ ಗಂಗಾಳಿಗೆ ಹೇಳುವ ಮಾತು ಹೀಗಿದೆ: “ನಾ ಸೊಸಿಯಾಗಿದ್ದಾಗ ಏನಾತಂತ ನಿನಗ ಗೊತ್ತದಲ್ಲ, ಗಂಗಾ.” ಅಷ್ಟೇ. ಗಂಗಾ ಅಳುತ್ತಾಳೆ, ಬದಲಾಗುತ್ತಾಳೆ. ನಾಲ್ಕನೆಯದನ್ನು ನೋಡಿದವರಿಗೆ ಆ ಸಾಲು ಚೂರಿ. ನೋಡದವರಿಗೆ? ಏನು ಗೊತ್ತದ, ಯಾರಿಗೆ ಗೊತ್ತದ, ಯಾಕೆ ಅಳಾಕತ್ತಾಳ ಎಂದು ಆ ದೇವದುರ್ಗದ ಮುದುಕನ ಹಾಗೆ ಪಕ್ಕದವರನ್ನು ಕೇಳಬೇಕು. ಕೊನೆಯ ಭಾಗದ ಪೂರ್ತಿ ಭಾರ ಆಡದ ನಾಟಕದ ಮೇಲೆ ನಿಂತಿದೆ.

ಪರದೆ ಏಳುವ ಮೊದಲು ಅಮೀರ್ ಸಾಬ್ ಮೈಕಿನಲ್ಲಿ ಹಿಂದಿನ ಕಥೆ ಹೇಳುವ ಪದ್ಧತಿ ಇದೆ, ಅದರಲ್ಲಿ ಸೇರಿಸಬಹುದು. ಆದರೆ ಮೈಕಿನಲ್ಲಿ ಕೇಳಿದರೆ ವಿಷಯ ತಿಳಿಯುತ್ತದೆ, ಮನಸ್ಸಿಗೆ ತಾಗುವುದಿಲ್ಲ. ಕಳೆದುಹೋಗುವುದು ಕಥೆಯಲ್ಲ, ಕರುಳು.

ಆ ಸಾಲನ್ನು ಹೊಡೆದು ಹಾಕಿದೆ. ಅಲ್ಲಿ ನಾಲ್ಕನೇ ಭಾಗವನ್ನು ತಂದು ಇಟ್ಟೆ. ಅದರ ಮೂರು ಅಂಕಗಳಲ್ಲಿ ಮಾವನ ಎರಡು ಹಾಡು ಬೇಡ, ಪೂಜಾರಿಯ ಪಾತ್ರ ಬೇಡ, ನಾನು ಮೆಚ್ಚಿ ಬರೆದ ಚಂದ್ರನ ವರ್ಣನೆ ಬೇಡ. ಹಾಸಿಗೆಯಲ್ಲಿದ್ದ ಮುದುಕಿ ಹೊದಿಕೆ ಸರಿಸಿ ಎದ್ದು ನಿಂತರೆ ಅವಳೇ ಹರೆಯದ ನೀಲಮ್ಮ. ಹಿತ್ತಿಲ ಬಾಗಿಲಲ್ಲಿ ತಮ್ಮ. ಟ್ರಂಕು. ಮಾವನ ಬಾರುಕೋಲು. ಮತ್ತೆ ಹಾಸಿಗೆ. ಒಂದು ಬೀಡಿ ಸೇದಿ ಮುಗಿಸುವ ಹೊತ್ತಿನ ಸೀನು.

ಮಾಲಕರಿಗೆ ಇದು ಸಣ್ಣ ತಿದ್ದುಪಡಿ ಎಂದೆ. ಅಮೀರ್ ಸಾಬ್ ತೊಟ್ಟಿಲು ಬೇಕೇ ಬೇಕೆಂದ. ಇಟ್ಟೆ. ಮೀಸೆ ಎಳೆಯುವುದನ್ನು ಮಾತ್ರ ತಾಲೀಮಿನಲ್ಲಿ ಬೇಡಿಕೊಂಡು ಬಿಡಿಸಿದೆ. ಅಳುವ ಸದ್ದು ಮಾಡುವುದನ್ನು ಬಿಡಲಿಲ್ಲ.

ತಾಲೀಮಿನಲ್ಲಿ ಬಸವಂತಮ್ಮನವರು ಒಂದು ಸಾಲು ತಿದ್ದಿದರು. ಸರಿಯಾಗಿಯೇ ಇತ್ತು.

೧೧ ಫೆಬ್ರವರಿ

ಗಿರಣಿಗೆ ಹೋಗಿ ದುರುಗಮ್ಮನನ್ನು ಏಳನೆಯದಕ್ಕೆ ಕರೆದು ಬಂದೆ. ನಾಲ್ಕು ಎಂದಿದ್ದಿರಲ್ಲ ಎಂದಳು. ಏಳರೊಳಗೆ ನಾಲ್ಕಿದೆ ಎಂದೆ. ಜೋಳದೊಳಗೆ ಹುಳ ಇದ್ದ ಹಾಗಾ ಎಂದು ಕೇಳಿದಳು. ಬರುತ್ತಾಳೆ.

೧೩ ಫೆಬ್ರವರಿ

ನಿನ್ನೆ ನಡೆದದ್ದನ್ನು ಕ್ರಮವಾಗಿ ಬರೆಯುವ ಪ್ರಯತ್ನ ಮಾಡುತ್ತೇನೆ, ಆಗುವುದಿಲ್ಲ.

ಬಸವಂತಮ್ಮನವರು ಹೊದಿಕೆ ಸರಿಸಿ ಎದ್ದರು. ಬಣ್ಣ ಬದಲಿಸಲಿಲ್ಲ, ಸೀರೆ ಬದಲಿಸಲಿಲ್ಲ. ಬೆನ್ನು ನೆಟ್ಟಗಾಯಿತು, ಅಷ್ಟೇ. ಐವತ್ತು ದಾಟಿದವರು ಹರೆಯದ ಪಾತ್ರ ಮಾಡಿದರೆ ಜನ ನಗುತ್ತಾರೆಂದು ಹಿಂದೆ ನಾನೇ ಎಲ್ಲೋ ಹೇಳಿದ್ದಿರಬಹುದು. ಯಾರೂ ನಗಲಿಲ್ಲ. ಟ್ರಂಕಿನಲ್ಲಿ ಸೀರೆ ಮಡಿಚಿಡುವಾಗ ಅದರ ಅಂಚನ್ನು ಒಂದು ಸಲ ಸವರಿದರು. ನಾನು ಹಾಗೆ ಬರೆದಿರಲಿಲ್ಲ. ಬರೆಯಬೇಕಿತ್ತು. ಮೊದಲ ಭಾಗದಲ್ಲಿ ಬೈಗುಳ ಬಂದ ಚಾಪೆಯ ಕಡೆಯಿಂದ ಮೂಗು ಒರೆಸಿಕೊಳ್ಳುವ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ.

ತೊಟ್ಟಿಲಿನಿಂದಲೂ ಸದ್ದು ಬರಲಿಲ್ಲ. ಆಮೇಲೆ ಅಮೀರ್ ಸಾಬನನ್ನು ಕೇಳಿದೆ, ಅಳುವ ಸೀನು ಏನಾಯಿತು ಎಂದು. ನಿದ್ದಿ ಹತ್ತಿತ್ತು ಎಂದ. ಕಣ್ಣು ಕೆಂಪಗಿದ್ದವು. ಕೂಸಿನ ಕುಲಾಯಿಯನ್ನು ಇನ್ನೂ ತೆಗೆದಿರಲಿಲ್ಲ.

ನಾಟಕ ಮುಗಿದ ಮೇಲೆ ದುರುಗಮ್ಮ ಬಣ್ಣದ ಕೋಣೆಗೆ ನುಗ್ಗಿದಳು. ಬಸವಂತಮ್ಮನವರು ಎದ್ದು ನಿಂತರು. ಈಕೆ ಅವರ ಭುಜ ಮುಟ್ಟಿ ನೋಡಿದಳು, ಅವತ್ತಿನ ಪೆಟ್ಟು ಎಲ್ಲಿ ತಾಗಿತ್ತೋ ಅಲ್ಲೇ.

“ಅವತ್ತ ಆ ಚಪ್ಪಲಿ ಒಗದಾಕಿ ನಾನ” ಎಂದಳು. “ಯಾವಾಗ ಬರ್ಲಿ ಮಾನ್ವಿಗೆ, ಹುಡುಗೀನ ಒಪ್ಪಿಕೊಳ್ಳಾಕ?”

ಇಬ್ಬರೂ ಅತ್ತರು. ಹೋಗುವಾಗ ದುರುಗಮ್ಮ ನನ್ನನ್ನು ನೋಡಿ,

“ಇಷ್ಟರಾಗ ಹೇಳಾಕ ಬರ್ತಿತ್ತಲ್ಲ ಕವಿಗಳ, ಮತ್ತ ಏಳು ಯಾಕ ಬರದ್ರಿ?” ಎಂದು ಕೇಳಿದಳು.

ಇದು ಅತ್ಯಂತ ಅಜ್ಞಾನದ ಪ್ರಶ್ನೆ. ಉತ್ತರ ಹುಡುಕುತ್ತಿದ್ದೇನೆ.

ಮಾನ್ವಿ, ೨೦ ಫೆಬ್ರವರಿ

ಯಮನಮ್ಮನ ನಿಶ್ಚಯ ಆಯಿತು. ಹೆಣ್ಣಿನ ಕಡೆಯಿಂದ ಹಿರಿಯ ಗಂಡಸೊಬ್ಬರು ಕೂತು ವೀಳ್ಯ ಬದಲಿಸಬೇಕು, ಯಾರು ಕೂಡುತ್ತೀರಿ ಎಂದು ದುರುಗಮ್ಮನ ಕಡೆಯವರು ಕೇಳಿದರು. ಬಸವಂತಮ್ಮನವರಿಗೆ ಗಂಡನೂ ಇಲ್ಲ, ಅಣ್ಣ ತಮ್ಮಂದಿರೂ ಇಲ್ಲ. ಅವರು ನನ್ನ ಕಡೆ ನೋಡಿ, ಕವಿಗಳು ಕೂಡ್ತಾರ ಎಂದರು.  ನಾನು ಕೂತೆ. ಹೊಸ ಧೋತರ ಉಟ್ಟುಕೊಂಡಿದ್ದು ಕಾಕತಾಳೀಯ.

ನೆಂಟರು ಹೋದ ಮೇಲೆ ಇಬ್ಬರೇ ಕಟ್ಟೆಯ ಮೇಲೆ ಕೂತಿದ್ದೆವು. ಯಮನಮ್ಮ ಮದುವೆಯಾಗಿ ಹೋದರೆ ತನಗೆ ಒಂಟಿತನ ಕಾಡುತ್ತದೆ ಎಂದರು. ನನಗೂ ಹಾಗೇ ಆಗುತ್ತದೆ ಎಂದೆ, ಯಮನಮ್ಮನನ್ನು ನಾನು ನೋಡಿದ್ದು ಇವತ್ತೇ ಮೊದಲು ಎಂಬುದು ಆಮೇಲೆ ನೆನಪಾಯಿತು. ಬಸವಂತಮ್ಮನವರು ನಕ್ಕರು. ಕಂಪನಿಯಲ್ಲಿ ಇಬ್ಬರಿಗೆ ಎರಡು ಒಲೆ ಯಾಕೆ, ಒಂದೇ ಸಾಲದೇ ಎಂದು ಕೇಳಿದರು.

ಇಂಥ ವಿಷಯದಲ್ಲಿ ಪೂರ್ವಾಪರ ತಿಳಿಸದೆ ಮುಂದುವರಿಯುವುದು ತಪ್ಪು. ಆದ್ದರಿಂದ ನಾನು ಮೊದಲಿನಿಂದ ಶುರು ಮಾಡಿದೆ: ಹುಟ್ಟಿದ್ದು ಮಲ್ಲಟದಲ್ಲಿ, ನಮ್ಮಪ್ಪ ಕುರಿ ಕಾಯುತ್ತಿದ್ದ, ಮೂರನೇ ಇಯತ್ತೆಯಲ್ಲಿ ಬಯಲಾಟದ ಹುಚ್ಚು ಹಿಡಿಯಿತು. ಐದನೇ ಇಯತ್ತೆಗೆ ಬರುವಷ್ಟರಲ್ಲಿ ಬಸವಂತಮ್ಮನವರು ಕೈ ಅಡ್ಡ ಹಿಡಿದರು.

“ಅದೆಲ್ಲಾ ಬಿಡ್ರಿ” ಎಂದರು. “ಇವತ್ತಿನಿಂದ ಶುರು ಮಾಡೋಣು.”

ನಡುವಿನದೆಲ್ಲ ಬಿಟ್ಟರೆ ನಾನು ನಿಮಗೆ ಹೇಗೆ ಅರ್ಥವಾಗಬೇಕು ಎಂದು ಕೇಳಿದೆ. ತತ್ವದ ಪ್ರಶ್ನೆಯೇ ಅದು, ಗಂಭೀರವಾಗಿಯೇ ಕೇಳಿದ್ದೆ.

“ಅರ್ಥ ಆಗೇ ಆಗೀರಿ” ಎಂದರು ಬಸವಂತಮ್ಮ. “ಚಾ ಆರಾಕತ್ತದ, ಕುಡೀರಿ.”